ಮುನೀಮ ಸೋತ, ಬರೇಲಿಯವ ಗೆದ್ದ: ಕೇಸ್ ಲಾ ಟಿಪ್ಪಣಿಗೆ ಒಂದು ಹೋಲಿಕೆ ಪಟ್ಟಿ

ಕರಾರು ಕಾನೂನಿನ ಪರೀಕ್ಷೆಯಲ್ಲಿ ಸಮಸ್ಯಾ ಪ್ರಶ್ನೆಯೊಂದು ಬಂದಿದೆ ಎಂದುಕೊಳ್ಳಿ. ಮನೆಬಿಟ್ಟು ಹೋದ ಹುಡುಗ, ಹುಡುಕಿಕೊಟ್ಟವರಿಗೆ ಬಹುಮಾನವೆಂದು ಕರಪತ್ರ, ಹುಡುಕಿಕೊಟ್ಟ ಮೇಲೆ ದುಡ್ಡು ಕೊಡಲು ತಕರಾರು. ಓದಿಕೊಂಡು ಬಂದವರಿಗೆ ಲಾಲ್‌ಮನ್ ಶುಕ್ಲಾ ಎಂಬ ಹೆಸರು ತಟ್ಟನೆ ನೆನಪಾಗುತ್ತದೆ. ತೊಂದರೆ ಏನೆಂದರೆ, ಹರ್‌ಭಜನ್ ಲಾಲ್ ಕೇಸಿನಲ್ಲಿ ಕಳೆದುಹೋದವನೂ ಹುಡುಗನೇ, ಅಲ್ಲೂ ಕರಪತ್ರವೇ, ಬಹುಮಾನ ಹೆಚ್ಚುಕಡಿಮೆ ಅಷ್ಟೇ, ಹೈಕೋರ್ಟೂ ಅದೇ ಅಲಹಾಬಾದ್. ಒಬ್ಬ ಸೋತ, ಇನ್ನೊಬ್ಬ ಗೆದ್ದ. ಯಾರು ಸೋತದ್ದು, ಯಾಕೆ ಸೋತದ್ದು ಎಂಬಲ್ಲಿ ಕೈ ನಿಲ್ಲುತ್ತದೆ.

ನೀವು ಓದಿಲ್ಲವೆಂದು ಹೀಗಾಗುವುದಲ್ಲ. ಟಿಪ್ಪಣಿ ಬರೆದ ರೀತಿಯಿಂದ ಹೀಗಾಗುತ್ತದೆ. ಪುಟಕ್ಕೊಂದು ಕೇಸಿನಂತೆ ಕಥೆಯಾಗಿ ಬರೆದುಕೊಂಡಾಗ ಪ್ರತಿ ಕೇಸೂ ತನ್ನ ಪುಟದಲ್ಲಿ ಸ್ಪಷ್ಟವಾಗಿಯೇ ಇರುತ್ತದೆ. ಪರೀಕ್ಷೆಯಲ್ಲಿ ಕೇಳುವುದು ಮಾತ್ರ ಒಂದು ಕೇಸಿನ ಕಥೆಯನ್ನಲ್ಲ. ಕೊಟ್ಟ ಸಮಸ್ಯೆ ಯಾವ ಕೇಸನ್ನು ಹೋಲುತ್ತದೆ, ಯಾವ ಸಂಗತಿಯಲ್ಲಿ ಬೇರೆಯಾಗುತ್ತದೆ ಎಂಬುದನ್ನು. ಎರಡು ಕೇಸುಗಳ ನಡುವಿನ ವ್ಯತ್ಯಾಸ ಯಾವ ಪುಟದಲ್ಲೂ ಬರೆದಿರುವುದಿಲ್ಲ. ಪಟ್ಟಿ ಮಾಡಿದಾಗ ಒಂದರ ಸಂಗತಿಯ ಕೆಳಗೆ ಇನ್ನೊಂದರ ಸಂಗತಿ ಬಂದು ಕೂರುತ್ತದೆ, ವ್ಯತ್ಯಾಸವನ್ನು ಬರೆಯದೆ ಗತ್ಯಂತರವಿಲ್ಲ. ಪಟ್ಟಿಯಿಂದ ಆಗುವ ಮುಖ್ಯ ಉಪಯೋಗ ಇದು.

ಮೊದಲು ಒಂದಿಷ್ಟು ಹಿನ್ನೆಲೆ

ತೀರ್ಪಿನಲ್ಲಿ ನ್ಯಾಯಾಧೀಶರು ಆಡಿದ ಮಾತೆಲ್ಲ ರೇಶಿಯೊ ಅಲ್ಲ. ಫಲಿತಾಂಶಕ್ಕೆ ಆಧಾರವಾದ ಕಾನೂನಿನ ತತ್ವ ರೇಶಿಯೊ. ಪ್ರಸಂಗವಶಾತ್ ಹೇಳಿದ್ದು ಆಬಿಟರ್. ಒಂದು ತೀರ್ಪು ತಾನು ನಿಜವಾಗಿ ಏನನ್ನು ನಿರ್ಧರಿಸಿತೋ ಅಷ್ಟಕ್ಕೆ ಮಾತ್ರ ಆಧಾರ ಎಂದು ಸುಪ್ರೀಂ ಕೋರ್ಟು ಒರಿಸ್ಸಾ ರಾಜ್ಯ ವಿರುದ್ಧ ಸುಧಾಂಶು ಶೇಖರ್ ಮಿಶ್ರಾ ಪ್ರಕರಣದಲ್ಲಿ ಹೇಳಿದೆ. ರೇಶಿಯೊ ಕಂಡುಹಿಡಿಯಲು ಆರ್ಥರ್ ಗುಡ್‌ಹಾರ್ಟ್ 1930ರಲ್ಲಿ ಸೂಚಿಸಿದ ದಾರಿ ನಮ್ಮ ಪಟ್ಟಿಗೆ ಸರಿಯಾಗಿ ಹೊಂದುತ್ತದೆ: ನ್ಯಾಯಾಧೀಶರು ಮುಖ್ಯವೆಂದು ಎಣಿಸಿದ ಸಂಗತಿಗಳು ಯಾವುವು, ಅವುಗಳ ಮೇಲೆ ಕೊಟ್ಟ ನಿರ್ಧಾರ ಏನು ಎಂದು ನೋಡಿ. ಸಂಗತಿಯನ್ನೂ ಫಲಿತಾಂಶವನ್ನೂ ಜೋಡಿಸುವ ಕೊಂಡಿಯೇ ರೇಶಿಯೊ. ಹಾಗಾಗಿ ಪಟ್ಟಿಯ ಸಂಗತಿ, ರೇಶಿಯೊ, ಫಲಿತಾಂಶ ಎಂಬ ಮೂರು ಅಂಕಣಗಳನ್ನು ಒಂದಕ್ಕೊಂದು ಸಂಬಂಧವಿಲ್ಲದಂತೆ ತುಂಬಿದರೆ ಪ್ರಯೋಜನವಿಲ್ಲ. ಒಂದು ತಪ್ಪಿದರೆ ಉಳಿದೆರಡೂ ತಪ್ಪುತ್ತವೆ.

ಇಲ್ಲಿ ಬಹುಮಾನದ ಮೂರು ಕೇಸುಗಳನ್ನು ಹಿಡಿದು ಪಟ್ಟಿ ಮಾಡೋಣ: ಲಾಲ್‌ಮನ್ ಶುಕ್ಲಾ ವಿರುದ್ಧ ಗೌರಿ ದತ್, ಹರ್‌ಭಜನ್ ಲಾಲ್ ವಿರುದ್ಧ ಹರ್‌ಚರಣ್ ಲಾಲ್, ಕಾರ್ಲಿಲ್ ವಿರುದ್ಧ ಕಾರ್ಬಾಲಿಕ್ ಸ್ಮೋಕ್ ಬಾಲ್ ಕಂಪನಿ.

1. ಪಟ್ಟಿಯ ನೆತ್ತಿಯ ಮೇಲೆ ಒಂದು ಪ್ರಶ್ನೆ ಬರೆಯಿರಿ

‘ಪ್ರಸ್ತಾವ ಮತ್ತು ಅಂಗೀಕಾರ’ ಎಂದು ಅಧ್ಯಾಯದ ಹೆಸರಿಟ್ಟು ಹದಿನೈದು ಕೇಸುಗಳನ್ನು ಒಂದೇ ಪಟ್ಟಿಗೆ ತುಂಬಬೇಡಿ. ಹೋಲಿಸಲು ಸಮಾನವಾದದ್ದೊಂದು ಬೇಕು, ಅದು ಕಾನೂನಿನ ಪ್ರಶ್ನೆ. ನಮ್ಮ ಪಟ್ಟಿಯ ಪ್ರಶ್ನೆ ಇಷ್ಟು: ‘ಸಾರ್ವಜನಿಕವಾಗಿ ಸಾರಿದ ಬಹುಮಾನವನ್ನು, ಅದಕ್ಕೆ ಬೇಕಾದ ಕೆಲಸ ಮಾಡಿದವನು ಕೇಳಿ ಪಡೆಯಬಹುದೇ?’

ಈ ಪ್ರಶ್ನೆಗೆ ಉತ್ತರ ಕೊಡದ ಕೇಸು ಎಷ್ಟೇ ಪ್ರಸಿದ್ಧವಾಗಿರಲಿ, ಈ ಪಟ್ಟಿಗೆ ಬೇಡ. ಜಮೀನಿನ ಬೆಲೆಯ ಬಗ್ಗೆ ತಂತಿ ಕಳಿಸಿದ ಹಾರ್ವಿ ವಿರುದ್ಧ ಫೇಸಿ ಕೇಸು ಅದೇ ಅಧ್ಯಾಯದ್ದಾದರೂ ಅದರ ಪ್ರಶ್ನೆ ಬೇರೆ: ಬೆಲೆ ತಿಳಿಸಿದ್ದೇ ಪ್ರಸ್ತಾವವಾಗುತ್ತದೆಯೇ? ಅದಕ್ಕೆ ಇನ್ನೊಂದು ಪಟ್ಟಿ ಮಾಡಿ. ಹೀಗೆ ಒಂದು ಪಟ್ಟಿಗೆ ಮೂರರಿಂದ ಆರು ಕೇಸು ಸಾಕು.

ಪ್ರಶ್ನೆಯ ಕೆಳಗೆ ಸಂಬಂಧಪಟ್ಟ ಸೆಕ್ಷನ್ ಬರೆಯಿರಿ. 1872ರ ಭಾರತೀಯ ಕರಾರು ಕಾಯ್ದೆಯ ಸೆಕ್ಷನ್ 8ರ ಪ್ರಕಾರ ಪ್ರಸ್ತಾವದ ಷರತ್ತುಗಳನ್ನು ನೆರವೇರಿಸುವುದೂ ಅಂಗೀಕಾರವೇ. ಸೆಕ್ಷನ್ 4ರ ಪ್ರಕಾರ, ಪ್ರಸ್ತಾವ ಯಾರಿಗೆ ಮಾಡಿದ್ದೋ ಅವರ ತಿಳಿವಿಗೆ ಬಂದಾಗಲೇ ಅದನ್ನು ತಿಳಿಸಿದಂತೆ. ಉತ್ತರದಲ್ಲಿ ಮೊದಲು ಸೆಕ್ಷನ್, ಆಮೇಲೆ ಕೇಸು ಬರಬೇಕು. ಪಟ್ಟಿಯೂ ಅದೇ ಕ್ರಮದಲ್ಲಿದ್ದರೆ ಬರೆಯುವಾಗ ಹುಡುಕಾಟವಿಲ್ಲ.

2. ಸಂಗತಿ ಅಂಕಣ: ತೆಗೆದರೆ ಫಲಿತಾಂಶ ಬದಲಾಗುವುದೇ?

ಲಾಲ್‌ಮನ್ ಶುಕ್ಲಾನ ಕಥೆ ಪೂರ್ತಿ ಹೀಗಿದೆ. ಕಾನ್ಪುರದ ಗೌರಿ ದತ್‌ನ ಸೋದರನ ಮಗ ಮನೆಬಿಟ್ಟು ಹೋದ. ಗೌರಿ ದತ್ ತನ್ನ ಪೇಢಿಯ ಮುನೀಮ ಲಾಲ್‌ಮನ್‌ನನ್ನು ರೈಲು ಖರ್ಚು ಕೊಟ್ಟು ಹರಿದ್ವಾರಕ್ಕೆ ಹುಡುಕಲು ಕಳಿಸಿದ. ಅವನು ಹೋದ ಮೇಲೆ, ಹುಡುಕಿಕೊಟ್ಟವರಿಗೆ 501 ರೂಪಾಯಿ ಎಂದು ಕರಪತ್ರ ಹಂಚಿಸಿದ. ಮುನೀಮ ಹುಡುಗನನ್ನು ಹೃಷಿಕೇಶದಲ್ಲಿ ಪತ್ತೆಮಾಡಿ ತಂತಿ ಕಳಿಸಿದ. ಯಜಮಾನ ಬಂದು ಹುಡುಗನನ್ನು ಕರೆದೊಯ್ದ, ಮುನೀಮನಿಗೆ ಎರಡು ಸವರನ್ನು, ಆಮೇಲೆ 20 ರೂಪಾಯಿ ಕೊಟ್ಟ. ಸುಮಾರು ಆರು ತಿಂಗಳ ನಂತರ ಮುನೀಮನನ್ನು ಕೆಲಸದಿಂದ ತೆಗೆದ. ಆಗ ಮುನೀಮ ಬಹುಮಾನದಲ್ಲಿ 499 ರೂಪಾಯಿ ಬರಬೇಕೆಂದು ದಾವೆ ಹೂಡಿದ.

ಈಗ ಪ್ರತಿ ಸಂಗತಿಯ ಮೇಲೂ ಬೆರಳಿಟ್ಟು ಕೇಳಿ: ಇದು ಇಲ್ಲದಿದ್ದರೆ ತೀರ್ಪು ಬೇರೆಯಾಗುತ್ತಿತ್ತೇ? ಕಾನ್ಪುರದ ಬದಲು ಕಲಬುರಗಿ ಇದ್ದರೂ ಅದೇ ತೀರ್ಪು. ಹೃಷಿಕೇಶ, ಸವರನ್ನು, ಕೆಲಸ ಹೋದದ್ದು, 499ರ ಲೆಕ್ಕ ಎಲ್ಲವನ್ನೂ ಹೊಡೆದುಹಾಕಬಹುದು. ಉಳಿಯುವುದು ಮೂರು: ಅವನು ಯಜಮಾನನ ನೌಕರ, ಹುಡುಕುವ ಕೆಲಸವನ್ನು ಮೊದಲೇ ಒಪ್ಪಿ ಹೊರಟಿದ್ದ, ಬಹುಮಾನ ಸಾರಿದ್ದು ಆಮೇಲೆ, ಅದು ಅವನಿಗೆ ತಿಳಿಯದೆ. ಬಹುಮಾನದ ಕೇಸುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮವೇ ಜೀವಾಳ. ಹಾಗಾಗಿ ಸಂಗತಿ ಅಂಕಣವನ್ನು ವಾಕ್ಯಗಳಲ್ಲಿ ಬರೆಯದೆ ಬಾಣದ ಗುರುತಿನಿಂದ ಕ್ರಮವಾಗಿ ಬರೆಯಿರಿ. ನೆನಪಿಗೆ ಕೊಕ್ಕೆಯಂತೆ ಒಂದೇ ಒಂದು ವಿವರ ಇಟ್ಟುಕೊಳ್ಳಬಹುದು. ಇಲ್ಲಿ ‘ಮುನೀಮ, 501’ ಸಾಕು.

ಹರ್‌ಭಜನ್ ಲಾಲ್ ಕೇಸನ್ನೂ ಹೀಗೇ ಜರಡಿ ಹಿಡಿಯೋಣ. ಅಪ್ಪ 500 ರೂಪಾಯಿ ಬಹುಮಾನ ಸಾರಿದ್ದು ಹುಡುಗನನ್ನು ಹುಡುಕಿ ಮನೆಗೆ ತಂದುಬಿಟ್ಟವರಿಗೆ. ವಾದಿ ಆ ಕರಪತ್ರ ನೋಡಿದ್ದ. ಬರೇಲಿ ರೈಲು ನಿಲ್ದಾಣದ ಧರ್ಮಶಾಲೆಯಲ್ಲಿ ಮಾತುಕತೆಯೊಂದು ಕಿವಿಗೆ ಬಿದ್ದು ಹುಡುಗನ ಗುರುತು ಹತ್ತಿತು. ಅವನನ್ನು ರೈಲ್ವೆ ಪೊಲೀಸ್ ಠಾಣೆಗೆ ಒಪ್ಪಿಸಿ ಅಪ್ಪನಿಗೆ ತಂತಿ ಕಳಿಸಿದ. ಮನೆಗೆ ತರಲಿಲ್ಲವಲ್ಲ ಎಂಬುದು ತಕರಾರು. ಧರ್ಮಶಾಲೆಯನ್ನು ಹೊಡೆದುಹಾಕಿ. ಕರಪತ್ರ ನೋಡಿದ್ದ ಎಂಬುದನ್ನೂ, ಮನೆಗೆ ತರದೆ ಠಾಣೆಗೆ ಒಪ್ಪಿಸಿದ ಎಂಬುದನ್ನೂ ಉಳಿಸಿ.

3. ರೇಶಿಯೊ ಅಂಕಣ: ಹೆಸರಿಲ್ಲದ ಒಂದು ವಾಕ್ಯ

ರೇಶಿಯೊವನ್ನು ‘ಹೀಗಿದ್ದರೆ ಹೀಗೆ’ ಎಂಬ ರೂಪದಲ್ಲಿ, ಯಾರ ಹೆಸರೂ ಊರೂ ಬಾರದಂತೆ ಬರೆಯಿರಿ. ‘ಮುನೀಮನಿಗೆ ಬಹುಮಾನ ಸಿಗದು’ ಎಂದರೆ ಅದು ಆ ಒಬ್ಬ ಮುನೀಮನಿಗೆ ಮಾತ್ರ ಅನ್ವಯ, ಮುಂದಿನ ಯಾವ ಸಮಸ್ಯೆಗೂ ಒದಗುವುದಿಲ್ಲ. ‘ನೌಕರರಿಗೆ ಬಹುಮಾನದ ಹಕ್ಕಿಲ್ಲ’ ಎಂದರೆ ಅತಿಯಾಯಿತು, ಕೋರ್ಟು ಹಾಗೆ ಹೇಳಿಲ್ಲ. ಎರಡರ ನಡುವಿನ ಅಳತೆ ಹಿಡಿಯಬೇಕು.

ಲಾಲ್‌ಮನ್ ಶುಕ್ಲಾ ಎಂದರೆ ‘ಪ್ರಸ್ತಾವದ ತಿಳಿವಿಲ್ಲದೆ ಅಂಗೀಕಾರವಿಲ್ಲ’ ಎಂದಷ್ಟೇ ಬಹಳಷ್ಟು ಟಿಪ್ಪಣಿಗಳಲ್ಲಿ ಇರುತ್ತದೆ. ತೀರ್ಪನ್ನು ಓದಿದರೆ ಎರಡು ಕಾರಣ ಕಾಣುತ್ತವೆ. ಒಂದು, ಕರಾರಿಗೆ ಅಂಗೀಕಾರ ಬೇಕು, ತಿಳಿಯದ ಪ್ರಸ್ತಾವವನ್ನು ಅಂಗೀಕರಿಸಲಾಗದು. ಇನ್ನೊಂದು, ಹುಡುಕಲು ಒಪ್ಪಿ ಹೊರಟಾಗಲೇ ಮುನೀಮನ ಮೇಲೆ ಆ ಹೊಣೆ ಬಿದ್ದಿತ್ತು. ಹುಡುಕಾಟ ಮುನೀಮಿಕೆಯ ನಿತ್ಯದ ಕೆಲಸವಲ್ಲವೆಂದು ಕೋರ್ಟು ಒಪ್ಪಿತು, ಆದರೆ ಅವನೇ ಒಪ್ಪಿಕೊಂಡ ಕೆಲಸವದು. ಮೊದಲೇ ಇದ್ದ ಹೊಣೆಯನ್ನು ನೆರವೇರಿಸಿದ್ದು ಆಮೇಲೆ ಸಾರಿದ ಬಹುಮಾನಕ್ಕೆ ಪ್ರತಿಫಲವಾಗದು ಎಂದಿತು. ಈ ಎರಡನೆಯದನ್ನು ಬಿಟ್ಟರೆ ಸಂಗತಿ ಅಂಕಣದ ‘ನೌಕರ’, ‘ಮೊದಲೇ ಒಪ್ಪಿದ್ದ’ ಎಂಬ ಪದಗಳಿಗೆ ರೇಶಿಯೊದಲ್ಲಿ ಜಾಗವೇ ಸಿಗುವುದಿಲ್ಲ. ಅಂಕಣಗಳು ಹೊಂದಿಕೊಂಡಿಲ್ಲ ಎಂಬುದು ಗೊತ್ತಾಗುವುದು ಹೀಗೆ: ಉಳಿಸಿಕೊಂಡ ಸಂಗತಿಯೊಂದು ರೇಶಿಯೊದಲ್ಲಿ ಎಲ್ಲೂ ಬಳಕೆಯಾಗಿಲ್ಲದಿದ್ದರೆ, ಒಂದೋ ಸಂಗತಿ ಹೆಚ್ಚಾಗಿದೆ, ಇಲ್ಲವೇ ರೇಶಿಯೊ ಕಡಿಮೆಯಾಗಿದೆ.

ರೇಶಿಯೊ ಪರೀಕ್ಷಿಸಲು ವಾಂಬೋ ಎಂಬ ಅಮೆರಿಕದ ಕಾನೂನು ಪ್ರಾಧ್ಯಾಪಕರು ಸೂಚಿಸಿದ ಉಪಾಯವೊಂದಿದೆ. ನೀವು ಬರೆದ ವಾಕ್ಯವನ್ನು ತಿರುವಿಹಾಕಿ, ಆಗಲೂ ಅದೇ ಫಲಿತಾಂಶ ಬರುವುದೇ ನೋಡಿ. ಬಂದರೆ ಆ ವಾಕ್ಯ ರೇಶಿಯೊ ಅಲ್ಲ. ಹರ್‌ಭಜನ್ ಲಾಲ್ ಕೇಸಿನಲ್ಲಿ ‘ಬಹುಮಟ್ಟಿಗೆ ನೆರವೇರಿಸಿದರೆ ಸಾಕು’ ಎಂಬುದನ್ನು ‘ಚಾಚೂ ತಪ್ಪದೆ ನೆರವೇರಿಸಲೇಬೇಕು’ ಎಂದು ತಿರುವಿದರೆ ವಾದಿ ಸೋಲುತ್ತಾನೆ. ಹಾಗಾಗಿ ಅದು ರೇಶಿಯೊ. ಈ ಉಪಾಯಕ್ಕೊಂದು ಮಿತಿಯಿದೆ. ಎರಡು ಸ್ವತಂತ್ರ ಕಾರಣಗಳಿರುವ ತೀರ್ಪಿನಲ್ಲಿ ಒಂದನ್ನು ತಿರುವಿದರೂ ಇನ್ನೊಂದು ಫಲಿತಾಂಶವನ್ನು ಹಿಡಿದು ನಿಲ್ಲಿಸುತ್ತದೆ. ಮುನೀಮನಿಗೆ ಕರಪತ್ರದ ವಿಷಯ ಗೊತ್ತಿತ್ತೆಂದು ಊಹಿಸಿದರೂ ಹಳೆಯ ಹೊಣೆಯ ಕಾರಣದಿಂದ ಅವನು ಸೋಲುತ್ತಾನೆ. ಅಷ್ಟಕ್ಕೇ ‘ತಿಳಿವು’ ರೇಶಿಯೊ ಅಲ್ಲವೆನ್ನಲು ಬಾರದು. ಇಂಥ ಕಡೆ ಎರಡನ್ನೂ (ಅ), (ಆ) ಎಂದು ಬರೆದಿಡಿ.

4. ಫಲಿತಾಂಶ ಅಂಕಣ: ‘ವಜಾ’ ಎಂದಷ್ಟೇ ಬರೆಯಬೇಡಿ

ಲಾಲ್‌ಮನ್ ಕೇಸಿನಲ್ಲಿ ಅರ್ಜಿ ವಜಾ ಆಯಿತು. ಕಾರ್ಲಿಲ್ ಕೇಸಿನಲ್ಲಿ ಮೇಲ್ಮನವಿ ವಜಾ ಆಯಿತು. ಪಟ್ಟಿಯಲ್ಲಿ ಎರಡೂ ಕಡೆ ‘ವಜಾ’ ಎಂದು ಬರೆದರೆ ಎರಡರ ಫಲಿತಾಂಶವೂ ಒಂದೇ ಎನಿಸುತ್ತದೆ. ಹೈಕೋರ್ಟಿಗೆ ಹೋದವನು ಮುನೀಮ, ಹಾಗಾಗಿ ವಜಾ ಎಂದರೆ ಅವನು ಸೋತ. ಮೇಲ್ಮನವಿ ಹೋದದ್ದು ಕಂಪನಿ, ಹಾಗಾಗಿ ವಜಾ ಎಂದರೆ ಶ್ರೀಮತಿ ಕಾರ್ಲಿಲ್ ಗೆದ್ದರು. ಆದ್ದರಿಂದ ಈ ಅಂಕಣದಲ್ಲಿ ಎರಡು ಮಾತು ಇರಲಿ: ಗೆದ್ದವರು ಯಾರು, ಅವರಿಗೆ ಸಿಕ್ಕಿದ್ದೇನು. ಹರ್‌ಭಜನ್ ಲಾಲ್‌ಗೆ ಬಹುಮಾನದಲ್ಲಿ ಒಂದು ಪಾಲಲ್ಲ, ಪೂರ್ತಿ ಮೊತ್ತ ಸಿಕ್ಕಿತು ಎಂಬುದನ್ನು ಬರೆಯಬೇಕು. ಬಹುಮಟ್ಟಿಗೆ ನೆರವೇರಿಸಿದವನಿಗೂ ಪೂರ್ತಿ ಸಿಗುತ್ತದೆ ಎಂಬುದು ತಿಳಿಯುವುದು ಅಲ್ಲಿಂದಲೇ.

5. ಕೊನೆಯ ಅಂಕಣ: ಎಲ್ಲಿ ಬೇರೆ?

ಮೊದಲ ನಾಲ್ಕು ಅಂಕಣಗಳನ್ನು ಅಡ್ಡಲಾಗಿ, ಕೇಸಿನಿಂದ ಕೇಸಿಗೆ ತುಂಬಬಹುದು. ಇದನ್ನು ಮಾತ್ರ ಎಲ್ಲ ಸಾಲು ಮುಗಿದ ಮೇಲೆ, ಸಂಗತಿ ಅಂಕಣವನ್ನು ಮೇಲಿಂದ ಕೆಳಗೆ ಓದುತ್ತ ತುಂಬಿ. ಕಾರ್ಲಿಲ್ ಕೇಸಿನ ಸಂಗತಿಯೂ ಜರಡಿಯಿಂದ ಬಂದದ್ದೇ: ತಮ್ಮ ಸ್ಮೋಕ್ ಬಾಲನ್ನು ಹೇಳಿದಂತೆ ಬಳಸಿಯೂ ಇನ್‌ಫ್ಲುಯೆಂಜಾ ಬಂದರೆ 100 ಪೌಂಡು ಕೊಡುತ್ತೇವೆ, ಅದಕ್ಕಾಗಿ ಬ್ಯಾಂಕಿನಲ್ಲಿ 1000 ಪೌಂಡು ಇಟ್ಟಿದ್ದೇವೆ ಎಂದು ಕಂಪನಿ ಜಾಹೀರಾತು ಕೊಟ್ಟಿತ್ತು. ಶ್ರೀಮತಿ ಕಾರ್ಲಿಲ್ ಅದನ್ನು ನೋಡಿ ಕೊಂಡು ಬಳಸಿದರು, ಕಾಯಿಲೆ ಬಂತು. ಅಂಗೀಕರಿಸಿದ್ದೇನೆಂದು ಕಂಪನಿಗೆ ತಿಳಿಸಿರಲಿಲ್ಲ.

ಪಟ್ಟಿ ಈಗ ಹೀಗಾಗುತ್ತದೆ:

| ಕೇಸು, ಕೋರ್ಟು | ಸಂಗತಿ | ರೇಶಿಯೊ | ಫಲಿತಾಂಶ | ಎಲ್ಲಿ ಬೇರೆ |
|---|---|---|---|---|
| ಲಾಲ್‌ಮನ್ ಶುಕ್ಲಾ, 1913, ಅಲಹಾಬಾದ್ ಹೈಕೋರ್ಟು | ನೌಕರ ಹುಡುಕಲು ಒಪ್ಪಿ ಹೊರಟ → ಆಮೇಲೆ 501ರ ಕರಪತ್ರ → ತಿಳಿಯದೆ ಪತ್ತೆಮಾಡಿದ | (ಅ) ತಿಳಿಯದ ಪ್ರಸ್ತಾವಕ್ಕೆ ಅಂಗೀಕಾರವಿಲ್ಲ (ಆ) ಮೊದಲೇ ಇದ್ದ ಹೊಣೆ ಹೊಸ ಮಾತಿಗೆ ಪ್ರತಿಫಲವಲ್ಲ | ವಾದಿ ಸೋತ; ಬಹುಮಾನವಿಲ್ಲ | ಕೆಲಸ ಮೊದಲು, ಬಹುಮಾನ ಆಮೇಲೆ |
| ಹರ್‌ಭಜನ್ ಲಾಲ್, 1925, ಅಲಹಾಬಾದ್ ಹೈಕೋರ್ಟು | 500ರ ಕರಪತ್ರ → ನೋಡಿದ → ಪತ್ತೆಮಾಡಿ ಠಾಣೆಗೆ ಒಪ್ಪಿಸಿ ತಂತಿ ಕಳಿಸಿದ | ತಿಳಿದು ಮಾಡಿದ ಕೆಲಸ ಷರತ್ತನ್ನು ಬಹುಮಟ್ಟಿಗೆ ನೆರವೇರಿಸಿದರೆ ಸಾಕು | ವಾದಿ ಗೆದ್ದ. ಪೂರ್ತಿ ಬಹುಮಾನ | ತಿಳಿವಿತ್ತು, ಹಳೆಯ ಹೊಣೆ ಇರಲಿಲ್ಲ. ತಕರಾರು ನೆರವೇರಿಕೆಯ ಬಗ್ಗೆ |
| ಕಾರ್ಲಿಲ್, 1893ರ ವರದಿ, ಇಂಗ್ಲೆಂಡಿನ ಕೋರ್ಟ್ ಆಫ್ ಅಪೀಲ್ | ಜಾಹೀರಾತು, ಬ್ಯಾಂಕಿನಲ್ಲಿ ಠೇವಣಿ → ನೋಡಿ ಬಳಸಿದರು → ಕಾಯಿಲೆ; ತಿಳಿಸಿರಲಿಲ್ಲ | ಲೋಕಕ್ಕೆಲ್ಲ ಮಾಡಿದ ಪ್ರಸ್ತಾವವನ್ನು ಷರತ್ತು ನೆರವೇರಿಸಿಯೇ ಅಂಗೀಕರಿಸಬಹುದು; ಮುಂಚೆ ತಿಳಿಸಬೇಕಿಲ್ಲ | ವಾದಿ ಗೆದ್ದರು; 100 ಪೌಂಡು | ಷರತ್ತು ಪೂರ್ತಿ ನೆರವೇರಿತ್ತು; ತಕರಾರು ಅದು ನಿಜವಾದ ಪ್ರಸ್ತಾವವೇ, ತಿಳಿಸಬೇಕಿತ್ತೇ ಎಂಬ ಬಗ್ಗೆ |

ಈಗ ಗಮನಿಸಿ: ಮೂರರಲ್ಲಿ ಒಬ್ಬರು ಸೋತು ಇಬ್ಬರು ಗೆದ್ದರೂ ತೀರ್ಪುಗಳು ಒಂದಕ್ಕೊಂದು ವಿರುದ್ಧವಲ್ಲ. ಗೆದ್ದ ಇಬ್ಬರಿಗೂ ಪ್ರಸ್ತಾವ ತಿಳಿದಿತ್ತು. ಒಂದೇ ನಿಯಮ ಬೇರೆಬೇರೆ ಸಂಗತಿಯ ಮೇಲೆ ಕೆಲಸ ಮಾಡಿದೆ.

ಸಮಸ್ಯೆಯ ಮೇಲೆ ಪಟ್ಟಿಯನ್ನು ಓಡಿಸುವುದು

ಒಂದು ಸಮಸ್ಯೆ ತೆಗೆದುಕೊಳ್ಳಿ. ಹುಬ್ಬಳ್ಳಿಯಲ್ಲಿ ಮರೆವಿನ ಕಾಯಿಲೆಯ ಹಿರಿಯರೊಬ್ಬರು ಕಾಣೆಯಾಗುತ್ತಾರೆ. ಹುಡುಕಿ ಮನೆಗೆ ಕರೆತಂದವರಿಗೆ 10,000 ರೂಪಾಯಿ ಎಂದು ಮಗ ಪತ್ರಿಕೆಯಲ್ಲಿ ಜಾಹೀರಾತು ಕೊಡುತ್ತಾನೆ. ದಾವಣಗೆರೆಯ ಆಟೊ ಚಾಲಕನೊಬ್ಬ ಬಸ್ ನಿಲ್ದಾಣದಲ್ಲಿ ಆ ಹಿರಿಯರನ್ನು ಕಂಡು ಪೊಲೀಸರಿಗೆ ಒಪ್ಪಿಸುತ್ತಾನೆ. ಮಾರನೆಯ ದಿನ ಜಾಹೀರಾತು ನೋಡಿ ಬಹುಮಾನ ಕೇಳುತ್ತಾನೆ.

ಸಂಗತಿ ಅಂಕಣದ ಮಾದರಿಯಲ್ಲೇ ಕ್ರಮ ಬರೆಯಿರಿ: ಜಾಹೀರಾತು → ತಿಳಿಯದೆ ಪತ್ತೆಮಾಡಿ ಒಪ್ಪಿಸಿದ → ಆಮೇಲೆ ತಿಳಿಯಿತು. ಠಾಣೆಗೆ ಒಪ್ಪಿಸಿದ್ದು ಹರ್‌ಭಜನ್ ಲಾಲ್‌ನಂತೆ ಕಾಣುತ್ತದೆ. ಹೊರನೋಟದ ಈ ಹೋಲಿಕೆಗೆ ಮರುಳಾಗಿ ‘ಗೆಲ್ಲುತ್ತಾನೆ’ ಎಂದು ಬರೆದುಬಿಡುವವರೇ ಹೆಚ್ಚು. ರೇಶಿಯೊ ಅಂಕಣ ನೋಡಿ: ಆ ಕೇಸಿನ ನಿಯಮ ತಿಳಿದು ಮಾಡಿದ ಕೆಲಸಕ್ಕೆ. ಇಲ್ಲಿ ತಿಳಿವು ಬಂದದ್ದು ಕೆಲಸ ಮುಗಿದ ಮೇಲೆ. ಲಾಲ್‌ಮನ್ ಶುಕ್ಲಾದ (ಅ) ಅನ್ವಯಿಸುತ್ತದೆ. (ಆ) ಅನ್ವಯಿಸುವುದಿಲ್ಲ, ಚಾಲಕ ಯಾರ ನೌಕರನೂ ಅಲ್ಲ. ಆದರೂ (ಅ) ಒಂದೇ ಅವನ ಬೇಡಿಕೆಯನ್ನು ತಡೆಯಲು ಸಾಕು. ಎರಡು ಕಾರಣಗಳನ್ನೂ ಬೇರೆಬೇರೆ ಬರೆದಿಟ್ಟುಕೊಂಡದ್ದರಿಂದಲೇ ‘ಇವನು ನೌಕರನಲ್ಲವಲ್ಲ’ ಎಂಬ ಆಕ್ಷೇಪಕ್ಕೆ ಉತ್ತರ ಸಿಕ್ಕಿತು.

ಪ್ರಶ್ನೆಪತ್ರಿಕೆಯವರು ಒಂದು ಸಂಗತಿ ಬದಲಿಸಿದರೆ? ಹಿರಿಯರನ್ನು ಆಟೊದಲ್ಲಿ ಕೂರಿಸಿಕೊಂಡಾಗ ಜಾಹೀರಾತು ನೋಡಿ, ಆಮೇಲೆ ಪೊಲೀಸರಿಗೆ ಒಪ್ಪಿಸಿ ಮಗನಿಗೆ ಫೋನು ಮಾಡಿದ ಎನ್ನಿ. ಕೆಲಸ ಮುಗಿಯುವ ಮುಂಚೆಯೇ ತಿಳಿವು ಬಂತು. ಈಗ ಹರ್‌ಭಜನ್ ಲಾಲ್ ಕೇಸು ಬಲವಾದ ಆಧಾರವಾಗುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

*ಹೆಡ್‌ನೋಟನ್ನೇ ರೇಶಿಯೊ ಎಂದು ಇಳಿಸಿಕೊಳ್ಳುವುದು.* ತೀರ್ಪಿನ ತಲೆಯ ಮೇಲಿನ ಸಾರಾಂಶವನ್ನು ಬರೆಯುವವರು ಕಾನೂನು ವರದಿಯ ಸಂಪಾದಕರು, ಕೋರ್ಟಲ್ಲ. ಕೇಸನ್ನು ಹುಡುಕಲು ಅದನ್ನು ಬಳಸಿ. ರೇಶಿಯೊ ಬರೆಯುವ ಮುಂಚೆ ತೀರ್ಪಿನ ಕಾರಣಗಳ ಭಾಗವನ್ನಾದರೂ ಓದಿ.

*ಕೋರ್ಟಿನ ಹೆಸರು ಬಿಡುವುದು.* ಕಾರ್ಲಿಲ್ ತೀರ್ಪಿಗೆ ಭಾರತದ ಕೋರ್ಟುಗಳು ಬದ್ಧವಲ್ಲ. ಅಲಹಾಬಾದ್ ಹೈಕೋರ್ಟಿನ ತೀರ್ಪೂ ಕರ್ನಾಟಕದ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ. ಎರಡಕ್ಕೂ ಒಪ್ಪಿಸುವ ಬಲವಷ್ಟೇ ಇದೆ. ಸಂವಿಧಾನದ 141ನೇ ವಿಧಿಯಂತೆ ಸುಪ್ರೀಂ ಕೋರ್ಟು ಸಾರಿದ ಕಾನೂನಿಗೆ ಮಾತ್ರ ದೇಶದ ಎಲ್ಲ ಕೋರ್ಟುಗಳೂ ಬದ್ಧ. ಮೊದಲ ಅಂಕಣದಲ್ಲಿ ಕೋರ್ಟಿನ ಹೆಸರಿದ್ದರೆ ‘ಕಾರ್ಲಿಲ್ ಪ್ರಕಾರ ಕೋರ್ಟು ತೀರ್ಪು ಕೊಡಲೇಬೇಕು’ ಎಂಬಂಥ ವಾಕ್ಯ ನಿಮ್ಮ ಉತ್ತರದಲ್ಲಿ ಬರುವುದಿಲ್ಲ.

*ಒಂದು ಕೇಸಿಗೆ ಒಂದೇ ರೇಶಿಯೊ ಎಂದುಕೊಳ್ಳುವುದು.* ಕಾರ್ಲಿಲ್ ಕೇಸಿನಲ್ಲಿ ಜಾಹೀರಾತು ಬರೀ ಬಡಾಯಿಯೇ ಎಂಬ ಪ್ರಶ್ನೆಯೂ ಇತ್ತು. ಬ್ಯಾಂಕಿನ ಠೇವಣಿ ಕಂಪನಿಯ ಗಂಭೀರ ಉದ್ದೇಶವನ್ನು ತೋರಿಸುತ್ತದೆ ಎಂದು ಕೋರ್ಟು ಹೇಳಿತು. ಕಾನೂನುಬದ್ಧ ಸಂಬಂಧದ ಉದ್ದೇಶದ ಬಗ್ಗೆ ಪಟ್ಟಿ ಮಾಡುವಾಗ ಇದೇ ಕೇಸು ಬೇರೆ ರೇಶಿಯೊದೊಂದಿಗೆ ಅಲ್ಲಿಗೂ ಬರುತ್ತದೆ. ಪ್ರತಿ ಪಟ್ಟಿಯಲ್ಲೂ ಅದರ ಪ್ರಶ್ನೆಗೆ ಉತ್ತರವಾದ ಭಾಗವನ್ನಷ್ಟೇ ಬರೆಯಿರಿ.

*ಪಟ್ಟಿಯ ಗಡಿ ಮರೆಯುವುದು.* ನಮ್ಮ ಪಟ್ಟಿಯ ಕೇಸುಗಳಲ್ಲಿ ಕಳೆದುಹೋದದ್ದು ಮನುಷ್ಯರು, ವಸ್ತುವಲ್ಲ. ಸಮಸ್ಯೆಯಲ್ಲಿ ಕಳೆದದ್ದು ಪರ್ಸು, ಬಂಗಾರ, ಕಾಗದಪತ್ರ ಆಗಿದ್ದರೆ ಕರಾರು ಕಾಯ್ದೆಯ ಸೆಕ್ಷನ್ 168 ನೋಡಲೇಬೇಕು. ಮಾಲೀಕ ನಿರ್ದಿಷ್ಟ ಬಹುಮಾನ ಸಾರಿದ್ದರೆ, ಸಿಕ್ಕವನು ಅದಕ್ಕಾಗಿ ದಾವೆ ಹೂಡಬಹುದು, ಬಹುಮಾನ ಸಿಗುವವರೆಗೆ ವಸ್ತುವನ್ನು ಇಟ್ಟುಕೊಳ್ಳಲೂಬಹುದು ಎನ್ನುತ್ತದೆ ಆ ಸೆಕ್ಷನ್. ಪಟ್ಟಿಯ ಅಡಿಯಲ್ಲಿ ಒಂದು ಸಾಲು ಬರೆದಿಡಿ: ‘ವಸ್ತುವಾದರೆ 168’.

*ಪಟ್ಟಿಯನ್ನೇ ಉತ್ತರಪತ್ರಿಕೆಗೆ ಇಳಿಸುವುದು.* ಸಮಸ್ಯಾ ಪ್ರಶ್ನೆಗೆ ಉತ್ತರ ವಾಕ್ಯಗಳಲ್ಲಿರಬೇಕು: ವಿವಾದದ ಪ್ರಶ್ನೆ, ಸೆಕ್ಷನ್, ಹತ್ತಿರದ ಕೇಸಿನ ರೇಶಿಯೊ, ಕೊಟ್ಟ ಸಂಗತಿ ಅದಕ್ಕೆ ಹೊಂದುವ ಅಥವಾ ಹೊಂದದ ಕಾರಣ, ತೀರ್ಮಾನ. ಕೇಸಿನ ಕಥೆಗೆ ಎರಡು ಸಾಲು ಮೀಸಲಿಟ್ಟರೆ ಸಾಕು. ‘ಎಲ್ಲಿ ಬೇರೆ’ ಅಂಕಣದ್ದು ಉತ್ತರದ ನಡುವಿಗೆ ಬರಬೇಕು.

ಮರು ಓದು

ಪಟ್ಟಿಯನ್ನು ಸುಮ್ಮನೆ ಓದುತ್ತ ಹೋದರೆ ಎಲ್ಲ ಗೊತ್ತಿದೆ ಎನಿಸುತ್ತದೆ. ಅದರ ಬದಲು ರೇಶಿಯೊ ಅಂಕಣವನ್ನು ಕಾಗದದಿಂದ ಮುಚ್ಚಿ, ಸಂಗತಿ ಮತ್ತು ಫಲಿತಾಂಶ ಎರಡನ್ನೇ ನೋಡಿ ನಡುವಿನ ಕೊಂಡಿಯನ್ನು ನೀವೇ ಬರೆಯಿರಿ. ಬರೆದದ್ದು ಪಟ್ಟಿಗಿಂತ ಬೇರೆಯಾದರೆ ಪಟ್ಟಿಯೇ ಸರಿಯೆಂದು ಒಪ್ಪಿಬಿಡಬೇಡಿ, ತೀರ್ಪಿಗೆ ಹೋಗಿ ಯಾವುದು ಸರಿ ನೋಡಿ. ಮುಂದಿನ ಸಲ ಫಲಿತಾಂಶವನ್ನು ಮುಚ್ಚಿ. ಪರೀಕ್ಷೆಯ ಹಿಂದಿನ ದಿನ ಕೊನೆಯ ಅಂಕಣವೊಂದನ್ನೇ ನೋಡಿಕೊಂಡು, ಅಲ್ಲಿನ ಒಂದೊಂದು ಸಂಗತಿಯನ್ನು ಬದಲಿಸಿ ಗೆಲ್ಲುವವರು ಯಾರೆಂದು ಹೇಳಿಕೊಳ್ಳಿ. ಹೇಳಲಾಗದೆ ತಡವರಿಸಿದ ಸಾಲಿನ ತೀರ್ಪನ್ನು ಮಾತ್ರ ಮತ್ತೆ ತೆರೆದರಾಯಿತು.